ಬೀಗ ಹಾಕಿದ ಗಾಣ, ಸಸ್ಪೆಂಡ್ ಆದ ಜಿಎಸ್‌ಟಿ ನಂಬರ್: ರಿಟರ್ನ್ ಹಾಕಿದ್ರೆ ಅರ್ಧ ಕೆಲಸ ಮಾತ್ರ

ಜಿಎಸ್‌ಟಿ ನೋಂದಣಿ ಸಸ್ಪೆಂಡ್ ಆಗಿದೆ ಅಂತ ಯಾರಾದ್ರೂ ಹೇಳಿದ್ರೆ ಪಟ್ಟಣದಲ್ಲಿ ಸಿಗೋ ಉತ್ತರ ಒಂದೇ: "ಬಾಕಿ ರಿಟರ್ನ್ ಹಾಕಿಬಿಡಿ, ತಾನಾಗೇ ಸರಿಹೋಗುತ್ತೆ." ಈ ಮಾತು ಅರ್ಧ ನಿಜ. ರಿಟರ್ನ್ ಹಾಕಿಲ್ಲ ಅನ್ನೋದು ಒಂದೇ ಕಾರಣ ಆಗಿದ್ರೆ ಹೌದು, ಬಹುಪಾಲು ತಾನಾಗೇ ಸರಿಹೋಗುತ್ತೆ. ಆದ್ರೆ ನಮ್ಮಂಥ ಹಳ್ಳಿಯವರ ನೋಟಿಸ್‌ನಲ್ಲಿ ಎರಡನೇ ಸಾಲೊಂದು ಇರುತ್ತೆ, ಅದನ್ನ ಯಾರೂ ಓದೋದಿಲ್ಲ. "ನೀವು ತೋರಿಸಿದ ವಿಳಾಸದಲ್ಲಿ ವ್ಯವಹಾರ ನಡೆಯುತ್ತಿಲ್ಲ" ಅನ್ನೋ ಸಾಲು ಅದು. ಅದಕ್ಕೆ ಬೇರೆ ಉತ್ತರ ಕೊಡದೆ ಎಷ್ಟು ರಿಟರ್ನ್ ಹಾಕಿದ್ರೂ, ಎಷ್ಟು ದುಡ್ಡು ಕಟ್ಟಿದ್ರೂ ನಂಬರ್ ಜೀವ ಆಗಲ್ಲ. ಈ ವರ್ಷ ಜೂನ್‌ನಲ್ಲಿ ನಮ್ಮ ಪಾವಗಡದ ಕಡೆ ಒಬ್ಬ ಗಾಣದವರ ಜೊತೆ ಓಡಾಡಿ ಇದನ್ನ ಪೂರ್ತಿ ನೋಡಿದೆ. ಅದರ ವಿವರ, ಜೊತೆಗೆ ಈ ವ್ಯವಸ್ಥೆ ಬಗ್ಗೆ ನನ್ನ ತಕರಾರು, ಎರಡನ್ನೂ ಬರೀತಿದೀನಿ. ಉದ್ದ ಆಗುತ್ತೆ, ಬಿಡುವಾದಾಗ ಓದಿ.

ಮೊದಲು ಒಂದು ಮಾತು. ಸ್ವಂತ ಜಮೀನಲ್ಲಿ ಬೆಳೆದಿದ್ದನ್ನ ಹಾಗೇ ಮಾರೋ ರೈತನಿಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ, ಕಾಯ್ದೆಯ 23ನೇ ಸೆಕ್ಷನ್ನೇ ಅದನ್ನ ಹೇಳುತ್ತೆ. ಕಡಲೆಕಾಯಿ ಮೂಟೆ ಮಾರಿದ್ರೆ ನೀವು ರೈತ. ಅದೇ ಕಡಲೆಕಾಯಿನ ಗಾಣಕ್ಕೆ ಹಾಕಿ ಎಣ್ಣೆ ಬಾಟಲಿ ಮಾರಿದ್ರೆ ಲೆಕ್ಕ ಬೇರೆ. ಕರ್ನಾಟಕದ ಒಳಗೇ ಸರಕು ಮಾರೋರಿಗೆ ವರ್ಷಕ್ಕೆ 40 ಲಕ್ಷದ ವಹಿವಾಟಿನವರೆಗೆ ನೋಂದಣಿ ಕಡ್ಡಾಯ ಅಲ್ಲ. ಆದ್ರೆ ರಾಜ್ಯದ ಗಡಿ ದಾಟಿಸಿ ಮಾರಿದ್ರೆ ಈ ಮಿತಿ ಲೆಕ್ಕಕ್ಕೆ ಬರಲ್ಲ, ಸಣ್ಣ ವ್ಯಾಪಾರಕ್ಕೂ ನಂಬರ್ ಬೇಕು. ಪಾವಗಡದವರಿಗೆ ಗಡಿ ಅನ್ನೋದು ಯಾವ ದಿಕ್ಕಿಗೆ ನಡೆದ್ರೂ ಸಿಗುತ್ತೆ. ನಾನು ಹೇಳ್ತಿರೋ ಅಣ್ಣನ ಎಣ್ಣೆ ಹೋಗೋದು ಹಿಂದೂಪುರದ ಒಂದು ಅಂಗಡಿಗೆ. ಹಂಗಾಗಿ ಮೂರು ವರ್ಷದಿಂದ ಅವನ ಹತ್ರ ನಂಬರ್ ಇತ್ತು. ಊರೆಲ್ಲ ಅವನನ್ನ ಗಾಣದಣ್ಣ ಅಂತಾರೆ, ಇಲ್ಲೂ ಹಾಗೇ ಕರೀತೀನಿ.

ಗಾಣದಣ್ಣ ತ್ರೈಮಾಸಿಕ ರಿಟರ್ನ್ ಹಾಕೋನು, ಅಂದ್ರೆ ಮೂರು ತಿಂಗಳಿಗೊಂದು. 2024ರ ಅಕ್ಟೋಬರ್-ಡಿಸೆಂಬರ್ ರಿಟರ್ನ್‌ಗೆ ಕರ್ನಾಟಕದವರಿಗೆ ಕೊನೇ ದಿನ 2025ರ ಜನವರಿ 24. ಜನವರಿ-ಮಾರ್ಚ್ ರಿಟರ್ನ್‌ಗೆ ಏಪ್ರಿಲ್ 22. ಎರಡೂ ಹೋಗಲಿಲ್ಲ. ಪಟ್ಟಣದಲ್ಲಿ ಇವನ ಲೆಕ್ಕ ನೋಡ್ತಿದ್ದ ಹುಡುಗ ಕೆಲಸ ಬಿಟ್ಟು ಹೋಗಿದ್ದ. ಪೋರ್ಟಲ್‌ನಲ್ಲಿ ಇದ್ದ ಮೊಬೈಲ್ ನಂಬರ್, ಇಮೇಲ್ ಎರಡೂ ಆ ಲೆಕ್ಕದ ಆಫೀಸಿನವು. ಫೆಬ್ರವರಿಯಲ್ಲಿ ಗಾಣದ ಮೋಟಾರ್ ಸುಟ್ಟು ಗಾಣವೇ ನಿಂತಿತ್ತು. "ಮಾರಾಟನೇ ಇಲ್ಲ, ಏನಂತ ರಿಟರ್ನ್ ಹಾಕೋದು ತಮ್ಮಾ" ಅಂತಿದ್ದ. ಮಾರಾಟ ಸೊನ್ನೆ ಇದ್ರೂ ಸೊನ್ನೆ ರಿಟರ್ನ್ ಹಾಕಲೇಬೇಕು. ನಮ್ಮ ಕಡೆ ಅತಿ ಹೆಚ್ಚು ನಂಬರ್ ಬೀಳೋದು ಇದೇ ತಪ್ಪು ತಿಳುವಳಿಕೆಯಿಂದ ಅನ್ನೋದು ನಾನು ಕಂಡ ಹಾಗೆ. ತ್ರೈಮಾಸಿಕದವರು ಸತತ ಎರಡು ಅವಧಿ, ತಿಂಗಳ ರಿಟರ್ನಿನವರು ಸತತ ಆರು ತಿಂಗಳು ಬಿಟ್ರೆ ನೋಂದಣಿ ರದ್ದು ಮಾಡೋಕೆ ಅದೇ ಒಂದು ಕಾರಣ ಆಗುತ್ತೆ.

ಸಸ್ಪೆಂಡ್ ಆಗಿದ್ದು ಇವನಿಗೆ ಗೊತ್ತಾಗಿದ್ದು ಇಲಾಖೆಯಿಂದ ಅಲ್ಲ. ಜೂನ್ 12ಕ್ಕೆ ಹಿಂದೂಪುರದ ಅಂಗಡಿಯವರು ಫೋನ್ ಮಾಡಿ, "ಅಣ್ಣಾ, ನಿಮ್ಮ ನಂಬರ್ ಸಸ್ಪೆಂಡೆಡ್ ಅಂತ ತೋರಿಸ್ತಿದೆ, ಈ ಸಲ ಮಾಲು ಕಳಿಸ್ಬೇಡಿ" ಅಂದ್ರು. ಯಾರ ನಂಬರ್ ಬೇಕಾದ್ರೂ ಪೋರ್ಟಲ್‌ನ `Search Taxpayer` ಅಲ್ಲಿ ಹಾಕಿ ನೋಡಬಹುದು, ಲಾಗಿನ್ ಬೇಕಿಲ್ಲ. ಸಸ್ಪೆಂಡ್ ಇರೋವಾಗ ತೆರಿಗೆ ಬಿಲ್ ಕೊಡೋ ಹಾಗಿಲ್ಲ, ತೆರಿಗೆ ವಸೂಲಿ ಮಾಡೋ ಹಾಗಿಲ್ಲ, ಇ-ವೇ ಬಿಲ್ ಹುಟ್ಟೋದೇ ಇಲ್ಲ. ಮೋಟಾರ್ ರಿಪೇರಿ ಮುಗಿಸಿ ಮೇ ತಿಂಗಳಲ್ಲಿ ಸಾಲ ಮಾಡಿ ಕಡಲೆಬೀಜ ತಂದು ತೆಗೆದ 300 ಲೀಟರ್ ಎಣ್ಣೆ ಶೆಡ್ಡಲ್ಲೇ ಕೂತಿತ್ತು. ಗಾಣದ ಎಣ್ಣೆ ಹೊಸದಿದ್ದಾಗಲೇ ಮಾರಾಟ ಆಗ್ಬೇಕು, ತಡ ಆದಷ್ಟು ವಾಸನೆ ಬದಲಾಗುತ್ತೆ, ಅಂಗಡಿಯವನು ಮೂಗು ಮುರೀತಾನೆ.

ಲಾಗಿನ್ ಆಗಿ `Services > User Services > View Notices and Orders` ಅಲ್ಲಿ ನೋಡಿದ್ರೆ ಜೂನ್ 9ರ ತಾರೀಖಿನ ನೋಟಿಸ್ ಇತ್ತು. ಅದರ ನಮೂನೆ ಹೆಸರು ರೆಗ್-17. ನೋಂದಣಿ ಯಾಕೆ ರದ್ದು ಮಾಡಬಾರದು ಅಂತ ಕಾರಣ ಕೇಳೋ ನೋಟಿಸ್. ಇಲ್ಲಿ ಒಂದು ವ್ಯತ್ಯಾಸ ತಿಳ್ಕೊಳ್ಳಿ. ಕಂಪ್ಯೂಟರ್ ವ್ಯವಸ್ಥೆಯೇ ರಿಟರ್ನ್ ಬಾಕಿ, ಲೆಕ್ಕದ ವ್ಯತ್ಯಾಸ ಇಂಥವನ್ನ ನೋಡಿ ಕಳಿಸೋದು ರೆಗ್-31, ಅದಕ್ಕೆ ಉತ್ತರ ಕೊಡೋಕೆ 30 ದಿನ. ಅಧಿಕಾರಿ ತಾನೇ ಹೊರಡಿಸೋದು ರೆಗ್-17, ಅದಕ್ಕೆ ಏಳು ಕೆಲಸದ ದಿನ ಮಾತ್ರ. ಶನಿವಾರ ಭಾನುವಾರ ಬಿಟ್ಟು ಎಣಿಸಿದ್ರೆ ಇವನಿಗೆ ಜೂನ್ 18 ಕೊನೆ. ನೋಟಿಸ್ ಕಣ್ಣಿಗೆ ಬಿದ್ದಾಗ್ಲೇ ಮೂರು ದಿನ ಹೋಗಿತ್ತು.

ನೋಟಿಸ್‌ನಲ್ಲಿ ಕಾರಣ ಎರಡು. ಒಂದು, ಸತತ ಎರಡು ಅವಧಿಯ ರಿಟರ್ನ್ ಇಲ್ಲ. ಇನ್ನೊಂದು, ಘೋಷಿಸಿದ ಸ್ಥಳದಲ್ಲಿ ವ್ಯವಹಾರ ನಡೆಸುತ್ತಿಲ್ಲ. ಎರಡನೇದು ನಿಯಮ 21ರ ಮೊದಲನೇ ಉಪನಿಯಮದಿಂದ ಎತ್ತಿ ಇಟ್ಟ ಒಂದೇ ಸಾಲು. ಯಾವಾಗ ಬಂದಿದ್ರು, ಯಾರನ್ನ ಕೇಳಿದ್ರು, ಏನು ಕಂಡ್ರು, ಒಂದೂ ಇಲ್ಲ.

ಈಗ ರಿಟರ್ನ್ ವಿಷಯ ಮುಗಿಸ್ತೀನಿ, ಅದು ಸುಲಭದ ಭಾಗ. ಕ್ರಮ ತಪ್ಪಿಸೋಕೆ ಆಗಲ್ಲ. ಹಳೇ ಅವಧಿಯದ್ದು ಮೊದಲು, ಅದರಲ್ಲೂ ಮಾರಾಟದ ವಿವರ ಇರೋ ಜಿಎಸ್‌ಟಿಆರ್-1 ಮೊದಲು, ಆಮೇಲೆ ತೆರಿಗೆ ಕಟ್ಟೋ ಜಿಎಸ್‌ಟಿಆರ್-3ಬಿ. ಅದು ಮುಗಿದ ಮೇಲೆ ಮುಂದಿನ ಅವಧಿಯ ಬಾಗಿಲು ತೆಗೆಯುತ್ತೆ. ಅಕ್ಟೋಬರ್-ಡಿಸೆಂಬರ್‌ನಲ್ಲಿ ಗಾಣದಣ್ಣನ ಮಾರಾಟ 2,40,000 ರೂಪಾಯಿ. ಹೊಸ ಕಡಲೆಕಾಯಿ ಒಣಗಿ ಗಾಣಕ್ಕೆ ಬಿದ್ದಿದ್ದೇ ಡಿಸೆಂಬರ್‌ನಲ್ಲಿ, ಅಷ್ಟೂ ಮಾರಾಟ ಆ ಒಂದೇ ತಿಂಗಳದ್ದು. ಖಾದ್ಯ ತೈಲಕ್ಕೆ 5 ಪರ್ಸೆಂಟ್, ಅಂದ್ರೆ ತೆರಿಗೆ 12,000. ಬಾಟಲಿ, ಲೇಬಲ್, ಡಬ್ಬದ ಮೇಲೆ ಇವನು ಮೊದಲೇ ಕೊಟ್ಟಿದ್ದ ತೆರಿಗೆ 3,000 ಕಳೆದ್ರೆ ನಗದಾಗಿ ಕಟ್ಟಬೇಕಾದ್ದು 9,000. ರಿಟರ್ನ್ ಹಾಕಿದ್ದು ಜೂನ್ 16ಕ್ಕೆ, ಅಂದ್ರೆ 143 ದಿನ ತಡ. ವರ್ಷಕ್ಕೆ 18 ಪರ್ಸೆಂಟ್ ಲೆಕ್ಕದಲ್ಲಿ ಬಡ್ಡಿ 635 ರೂಪಾಯಿ. ತಡ ಶುಲ್ಕ ದಿನಕ್ಕೆ 50 ರೂಪಾಯಿ, ಲೆಕ್ಕ ಹಾಕಿದ್ರೆ 7,150 ಆಗುತ್ತೆ. ಆದ್ರೆ ಒಂದೂವರೆ ಕೋಟಿ ಒಳಗಿನ ವಹಿವಾಟಿನವರಿಗೆ ಒಂದು ರಿಟರ್ನಿಗೆ 2,000 ರೂಪಾಯಿ ಮಿತಿ ಇದೆ, ಅಲ್ಲಿಗೇ ನಿಲ್ಲುತ್ತೆ. ಜನವರಿ-ಮಾರ್ಚ್‌ನಲ್ಲಿ ಮಾರಾಟ ಸೊನ್ನೆ. ಅದಕ್ಕೆ ದಿನಕ್ಕೆ 20 ರೂಪಾಯಿಯಂತೆ 55 ದಿನಕ್ಕೆ 1,100, ಮಿತಿ 500. ಒಟ್ಟು 12,135 ರೂಪಾಯಿ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಒಂದು ರಿಟರ್ನಿನ ತಡ ಶುಲ್ಕವನ್ನ ಪೋರ್ಟಲ್ ಮುಂದಿನ ರಿಟರ್ನಿನಲ್ಲಿ ತೋರಿಸುತ್ತೆ. ಹಂಗಾಗಿ ಕೊನೇ 500 ರೂಪಾಯಿ ಏಪ್ರಿಲ್-ಜೂನ್ ರಿಟರ್ನ್ ಹಾಕೋವಾಗ ಎದುರಿಗೆ ಬರುತ್ತೆ. ಈಗ ಕಾಣ್ಲಿಲ್ಲ ಅಂತ ಮಾಫಿ ಆಯ್ತು ಅಂದ್ಕೋಬೇಡಿ.

ಇಲ್ಲೇ ಒಬ್ಬರು ಬುದ್ಧಿ ಹೇಳೋಕೆ ಬಂದ್ರು. "ಎರಡನ್ನೂ ಸೊನ್ನೆ ಅಂತ ಹಾಕಿಬಿಡಿ, ಸಾವಿರ ರೂಪಾಯಲ್ಲಿ ಮುಗಿಯುತ್ತೆ, ನಂಬರ್ ಜೀವ ಆದ ಮೇಲೆ ನೋಡ್ಕೊಂಡ್ರಾಯ್ತು." ಇದನ್ನ ಕೇಳಿ ಎಷ್ಟೋ ಜನ ಹಾಳಾಗಿದ್ದಾರೆ. ಡಿಸೆಂಬರ್‌ನಲ್ಲಿ ಹಿಂದೂಪುರಕ್ಕೆ ಹೋದ ಮಾಲಿಗೆ ಇ-ವೇ ಬಿಲ್ ಇದೆ, ಅದು ಇಲಾಖೆ ಕಣ್ಣೆದುರಿಗೇ ಇದೆ. ಅಂಗಡಿಯವರು ಈ ಬಿಲ್ಲಿನ ತೆರಿಗೆ ತಮ್ಮ ಲೆಕ್ಕಕ್ಕೆ ಸಿಗಲಿ ಅಂತ ಕಾಯ್ತಿರ್ತಾರೆ. ಇಂಥದ್ರಲ್ಲಿ ಸೊನ್ನೆ ಅಂತ ಹಾಕಿದ್ರೆ ಸುಳ್ಳು ರಿಟರ್ನ್ ಆಯ್ತು. ವಿಳಾಸದ ಅನುಮಾನಕ್ಕೆ ಉತ್ತರ ಕೊಡೋಕೆ ಹೊರಟವನು ಅದೇ ವಾರ ಸುಳ್ಳು ಲೆಕ್ಕ ಕೊಟ್ರೆ ಅವನ ಕಾಗದನ ಯಾರು ನಂಬ್ತಾರೆ? ಇನ್ನೊಬ್ಬರ ಸಲಹೆ, "ಇದು ಹೋದ್ರೆ ಹೋಗ್ಲಿ, ಹೊಸ ನಂಬರ್ ಮಾಡಿಸಿ" ಅಂತ. ಅದೇ ಪ್ಯಾನ್, ಅದೇ ಶೆಡ್ಡು, ಹಳೇ ಬಾಕಿ ಹಾಗೇ ನಿಂತಿರುತ್ತೆ. ಹೊಸ ಅರ್ಜಿಗೂ ವಿಳಾಸದ್ದೇ ಪ್ರಶ್ನೆ ಬರುತ್ತೆ. ಅವರ ಫೀಸು ಎರಡು ಸಲ ಸಿಗುತ್ತೆ ಅನ್ನೋದು ಬಿಟ್ರೆ ಅದರಲ್ಲಿ ಯಾರಿಗೂ ಲಾಭ ಇಲ್ಲ.

ಓಟಿಪಿ ಕಥೆ ಒಂದು ಸಾಲಲ್ಲಿ ಹೇಳ್ತೀನಿ: ಪ್ರತಿ ರಿಟರ್ನಿಗೂ ಓಟಿಪಿ ಲೆಕ್ಕದ ಆಫೀಸಿನ ಫೋನಿಗೆ ಹೋಗ್ತಿತ್ತು, ಅವರ ಬೆಂಚಿನ ಮೇಲೆ ಅರ್ಧ ದಿನ ಕೂತೇ ಕೆಲಸ ಮುಗಿಸಿದ್ದು.

ಜೂನ್ 16ರ ರಾತ್ರಿ ಎಲ್ಲ ಹಾಕಿ, ದುಡ್ಡು ಕಟ್ಟಿ ಆಯ್ತು. ಮಾರನೇ ದಿನ ನೋಡಿದ್ರೆ ಸ್ಟೇಟಸ್ ಹಾಗೇ, ಸಸ್ಪೆಂಡೆಡ್. ಗಾಣದಣ್ಣ ಸಿಟ್ಟಾದ, ಪೋರ್ಟಲ್ ಕೆಟ್ಟಿದೆ ಅಂದ. ಪೋರ್ಟಲ್ ಕೆಟ್ಟಿರ್ಲಿಲ್ಲ. ರಿಟರ್ನ್ ಬಾಕಿಗೇ ಅಂತ ವ್ಯವಸ್ಥೆ ಸಸ್ಪೆಂಡ್ ಮಾಡಿದ್ದಾಗ, ಬಾಕಿ ಎಲ್ಲ ಹಾಕಿದ ಕೂಡ್ಲೇ ಸಸ್ಪೆನ್ಶನ್ ತೆರವಾದಂತೆ ಅಂತ ನಿಯಮ 21ಎ ಹೇಳುತ್ತೆ. ತಾನಾಗೇ ತೆರವಾಗದೇ ಇದ್ರೆ ನೋಟಿಸ್ ಪಕ್ಕ `Initiate Drop Proceedings` ಅನ್ನೋ ಬಟನ್ ಇರುತ್ತೆ, ಅದನ್ನ ಒತ್ತಬಹುದು. ಅಧಿಕಾರಿಯ ರೆಗ್-17ರಲ್ಲೂ ಕಾರಣ ಬರೀ ರಿಟರ್ನ್ ಆಗಿದ್ರೆ, ಎಲ್ಲ ಕಟ್ಟಿದ ಮೇಲೆ ಅವರು ಪ್ರಕ್ರಿಯೆ ಕೈಬಿಡಲೇಬೇಕು. ಈ ಅನುಕೂಲ ಎಲ್ಲ ರಿಟರ್ನ್ ಕಾರಣಕ್ಕೆ ಮಾತ್ರ. ವಿಳಾಸದ ಕಾರಣ ಜೊತೆಗಿದ್ರೆ ಯಾವ ಯಂತ್ರವೂ ಅದನ್ನ ತಾನಾಗಿ ಬಿಡಲ್ಲ. ಅಲ್ಲಿ ಮನುಷ್ಯ ಓದಿ ಒಪ್ಪಬೇಕು. ಎಲ್ಲ ಕಟ್ಟಿದ ಮೇಲೂ ನಿಮ್ಮ ಸ್ಟೇಟಸ್ ಕದಲಲಿಲ್ಲ ಅಂದ್ರೆ ಮೊದಲು ನೋಟಿಸ್‌ನ ಕಾರಣಗಳ ಪಟ್ಟಿಯನ್ನ ಇನ್ನೊಂದ್ಸಲ ಓದಿ.

ಇನ್ನು ವಿಳಾಸ. ಏನಾಗಿತ್ತು ಅಂತ ಆಮೇಲೆ ತಿಳೀತು. ಫೆಬ್ರವರಿಯಲ್ಲಿ ಪರಿಶೀಲನೆಗೆ ಯಾರೋ ಬಂದಿದ್ರು. ನೋಂದಣಿಯಲ್ಲಿದ್ದ ವಿಳಾಸ ಹೀಗಿತ್ತು: ಊರ ಹೆಸರು, ಹೋಬಳಿ, "ಆಂಜನೇಯ ದೇವಸ್ಥಾನದ ಹತ್ತಿರ", ಪಿನ್‌ಕೋಡ್. ನಮ್ಮ ಕಡೆ ಆಂಜನೇಯ ಇಲ್ಲದ ಊರಿದ್ಯಾ? ಆ ಊರಲ್ಲೇ ಎರಡು ಗುಡಿ ಇದಾವೆ. ಗಾಣ ಇರೋದು ಊರಾಚೆ ಹೊಲದಲ್ಲಿ, ಮನೆ ನಂಬರ್ ಇಲ್ಲ. ಬಂದವರು ಚಿಲ್ಲರೆ ಅಂಗಡೀಲಿ ನಿಂತು ನೋಂದಣಿಯಲ್ಲಿರೋ ವ್ಯಾಪಾರದ ಹೆಸರು ಹೇಳಿ ಕೇಳಿದ್ರಂತೆ. ಮಗಳು ಇಟ್ಟ ಇಂಗ್ಲಿಷ್ ಹೆಸರು ಅದು, ಬಾಟಲಿ ಮೇಲೆ ಚೆನ್ನಾಗಿದೆ, ಊರಲ್ಲಿ ಒಬ್ಬರಿಗೂ ಗೊತ್ತಿಲ್ಲ. "ಗಾಣದ ಮನೆ ಎಲ್ಲಿ" ಅಂದಿದ್ರೆ ಮಗು ಬೇಕಾದ್ರೂ ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತಿತ್ತು. ಹೆಂಗೋ ಶೆಡ್ ಹತ್ರ ಹೋಗಿದಾರೆ. ಮೋಟಾರ್ ರೀವೈಂಡಿಂಗ್‌ಗೆ ಹೋಗಿತ್ತು, ಶೆಡ್ಡಿಗೆ ಬೀಗ. ಫೋಟೋ ತೆಗೆದು ಹೋಗಿದಾರೆ. ಬೋರ್ಡೂ ಇರ್ಲಿಲ್ಲ. ನೋಂದಣಿ ಸರ್ಟಿಫಿಕೇಟ್ ವ್ಯವಹಾರದ ಜಾಗದಲ್ಲಿ ಕಾಣೋ ಹಾಗೆ ಇರ್ಬೇಕು, ಬಾಗಿಲ ಬೋರ್ಡಿನ ಮೇಲೆ ಜಿಎಸ್‌ಟಿ ನಂಬರ್ ಬರೆದಿರ್ಬೇಕು ಅಂತ ನಿಯಮ 18 ಇದೆ. ಹೊಲದ ಶೆಡ್ಡುಗಳಲ್ಲಿ ಎಷ್ಟು ಜನ ಇದನ್ನ ಮಾಡಿದೀವಿ, ನೀವೇ ನೋಡ್ಕೊಳ್ಳಿ.

ನನ್ನ ಮೊದಲನೇ ತಕರಾರು ಇಲ್ಲಿದೆ. ಸ್ಥಳ ಪರಿಶೀಲನೆ ತಪ್ಪಲ್ಲ. ಕಾಗದದ ಮೇಲೆ ಅಂಗಡಿ ತೋರಿಸಿ, ಮಾಲೇ ಇಲ್ಲದೆ ಬಿಲ್ ಹೊಡೆದು ಕೋಟಿಗಟ್ಟಲೆ ತೆರಿಗೆ ನುಂಗಿದವರು ದೇಶದಲ್ಲಿ ಇದಾರೆ. ಅವರನ್ನ ಹಿಡಿಯೋಕೆ 2023ರ ಮೇ-ಜುಲೈನಲ್ಲಿ, ಮತ್ತೆ 2024ರ ಆಗಸ್ಟ್-ಅಕ್ಟೋಬರ್‌ನಲ್ಲಿ ದೇಶಾದ್ಯಂತ ವಿಶೇಷ ತಪಾಸಣೆ ನಡೆದಿದ್ದು ಸರಿನೇ. ಅಂಥ ಕಳ್ಳ ಬೀಗ ಹಾಕಿದ ಬಾಗಿಲ ಹಿಂದೆ ಇರ್ತಾನೆ, ಒಪ್ಪೋಣ. ಆದ್ರೆ ಬೀಗ ಹಾಕಿದ ಬಾಗಿಲೆಲ್ಲ ಕಳ್ಳಂದೇ ಅಲ್ಲ. ಗಾಣ, ಆಲೆಮನೆ, ಹುಣಸೆಹಣ್ಣಿನ ಕೆಲಸ, ಇವೆಲ್ಲ ಸುಗ್ಗಿ ನೋಡ್ಕೊಂಡು ನಡೆಯೋವು. ವರ್ಷದಲ್ಲಿ ನಾಲ್ಕು ತಿಂಗಳು ಬೀಗ ಇರೋದೇ ಅವುಗಳ ಸಹಜ ಸ್ಥಿತಿ. ಪಟ್ಟಣದ ಅಂಗಡಿಗೆ ಹಾಕೋ ಅಳತೆಗೋಲನ್ನ ಆಲೆಮನೆಗೆ ಹಾಕಿದ್ರೆ ಅರ್ಧ ತಾಲ್ಲೂಕು "ವ್ಯವಹಾರ ನಡೆಸುತ್ತಿಲ್ಲ" ಅಂತಾಗುತ್ತೆ. ಮೊದಲು ಪರಿಶೀಲನೆ ವೇಳೆ ನೋಂದಣಿದಾರ ಸ್ಥಳದಲ್ಲಿ ಇರ್ಬೇಕು ಅಂತ ನಿಯಮ 25ರಲ್ಲೇ ಇತ್ತು, 2023ರಲ್ಲಿ ಆ ಮಾತು ತೆಗೆದ್ರು. ಕಳ್ಳರಿಗೆ ಮುನ್ಸೂಚನೆ ಸಿಗಬಾರದು ಅನ್ನೋ ವಾದ ಇರಬಹುದು. ಮೂರು ವರ್ಷ ರಿಟರ್ನ್ ಹಾಕಿದ, ಇ-ವೇ ಬಿಲ್ ಇರೋ, ಕರೆಂಟ್ ಬಿಲ್ ಕಟ್ಟೋ ಮನುಷ್ಯನಿಗೆ ಬೀಗ ಕಂಡ ದಿನ ಒಂದು ಫೋನ್ ಮಾಡಿದ್ರೆ ಏನು ನಷ್ಟ ಆಗ್ತಿತ್ತು?

ಸರಿ, ಉತ್ತರಕ್ಕೆ ಬರ್ತೀನಿ. ಉತ್ತರ ಕೊಡೋ ನಮೂನೆ ರೆಗ್-18. ಪೋರ್ಟಲ್‌ನಲ್ಲಿ `Services > Registration > Application for Filing Clarifications` ಅಲ್ಲಿ ತೆಗೆದುಕೊಳ್ಳುತ್ತೆ. ನಾನು ನೋಡಿದ ಹಳೇ ಉತ್ತರಗಳೆಲ್ಲ ಎರಡು ಸಾಲಿನವು: "ನಾವು ವ್ಯವಹಾರ ನಡೆಸುತ್ತಿದ್ದೇವೆ, ದಯವಿಟ್ಟು ನಂಬರ್ ಪುನಃ ಕೊಡಿ." ಬೇಡಿಕೊಂಡ್ರೆ ಅಧಿಕಾರಿಗೆ ಬರೆಯೋಕೆ ಏನೂ ಸಿಗಲ್ಲ. ಅವರೂ ಫೈಲಿನಲ್ಲಿ ಇಂಥ ಕಾಗದ ನೋಡಿ ಒಪ್ಪಿದ್ದೇನೆ ಅಂತ ಬರೀಬೇಕಲ್ಲ. ಅದಕ್ಕೇ ಉತ್ತರದಲ್ಲಿ ಮೂರು ಪ್ರಶ್ನೆಗೆ ಜವಾಬು ಇರಬೇಕು: ಜಾಗ ಎಲ್ಲಿದೆ, ಅದು ನಿಮ್ಮದು ಹೇಗೆ, ಅಲ್ಲಿ ಕೆಲಸ ನಡೆಯುತ್ತೆ ಅನ್ನೋಕೆ ಏನು ಗುರುತು.

ಎಲ್ಲಿದೆ ಅನ್ನೋದಕ್ಕೆ ಸರ್ವೆ ನಂಬರ್, ಯಾವ ರಸ್ತೆಯಿಂದ ಯಾವ ಕಡೆ ಎಷ್ಟು ದೂರ, ಯಾವ ಗುಡಿ, ಊರಲ್ಲಿ ಏನಂತ ಕರೀತಾರೆ, ಇಷ್ಟೂ ಬರೆದ್ವಿ. ಅಕ್ಷಾಂಶ ರೇಖಾಂಶ ಮೂಡೋ ಆ್ಯಪ್‌ನಲ್ಲಿ ಶೆಡ್ಡಿನ ಮುಂಭಾಗ, ಹೊಸದಾಗಿ ಬರೆಸಿದ ಬೋರ್ಡು, ಒಳಗಿನ ಗಾಣ, ಎಣ್ಣೆ ಡ್ರಮ್ಮು, ನಾಲ್ಕು ಫೋಟೋ. ಬೋರ್ಡ್ ಹೊಸದು ಅನ್ನೋದನ್ನ ಮುಚ್ಚಿಡಲಿಲ್ಲ, ಈಗ ಹಾಕಿಸಿದ್ದೇವೆ ಅಂತಲೇ ಬರೆದ್ವಿ.

ಜಾಗ ಯಾರದ್ದು ಅನ್ನೋದಕ್ಕೆ ಪಂಚಾಯ್ತಿ ಕಂದಾಯದ ರಸೀದಿ ಮತ್ತೆ ಕರೆಂಟ್ ಬಿಲ್. ಮೂಲದಲ್ಲಿ ಶೆಡ್ಡಿನ ಜಾಗ ಅವರ ಅಪ್ಪನ ಹೆಸರಲ್ಲಿದೆ, ಕರೆಂಟ್ ಮೀಟರೂ ಅಪ್ಪಂದೇ. ಹಳ್ಳಿಯಲ್ಲಿ ಮಗನ ಹೆಸರಿಗೆ ಎಲ್ಲ ಆಗಿರೋದು ಅಪರೂಪ. ಇದಕ್ಕೆ ಗಾಬರಿ ಬೇಡ: ಅಪ್ಪನ ಹೆಸರಿನ ರಸೀದಿ, ಜೊತೆಗೆ "ನನ್ನ ಈ ಜಾಗವನ್ನು ನನ್ನ ಮಗ ವ್ಯವಹಾರಕ್ಕೆ ಬಳಸಲು ಒಪ್ಪಿದ್ದೇನೆ" ಅನ್ನೋ ಸಹಿ ಮಾಡಿದ ಒಪ್ಪಿಗೆ ಪತ್ರ, ಅಪ್ಪನ ಗುರುತಿನ ಚೀಟಿ. ಹೊಸ ನೋಂದಣಿ ಅರ್ಜಿಗಳ ಬಗ್ಗೆ 2025ರ ಏಪ್ರಿಲ್ 17ಕ್ಕೆ ಕೇಂದ್ರ ಮಂಡಳಿ ತನ್ನ ಅಧಿಕಾರಿಗಳಿಗೆ ಒಂದು ಸೂಚನೆ ಹೊರಡಿಸಿದೆ. ಜಾಗದ ದಾಖಲೆ ಅಂತ ಕಂದಾಯ ರಸೀದಿ, ಖಾತೆ, ಕರೆಂಟ್ ಬಿಲ್ ಇಂಥವುಗಳಲ್ಲಿ ಯಾವುದಾದ್ರೂ ಒಂದು ಸಾಕು, ಊಹೆ ಮೇಲೆ ಸಿಕ್ಕಾಪಟ್ಟೆ ಪ್ರಶ್ನೆ ಎತ್ತಬೇಡಿ ಅನ್ನೋದು ಅದರ ಸಾರ. ಅದು ಹೊಸ ಅರ್ಜಿಗೆ ಸಂಬಂಧಿಸಿದ್ದು, ಸಸ್ಪೆಂಡ್ ಆದವರಿಗೆ ನೇರ ಅನ್ವಯ ಅಲ್ಲ. ಆದ್ರೂ ಯಾರಾದ್ರೂ ರಿಜಿಸ್ಟರ್ಡ್ ಪತ್ರನೇ ಬೇಕು ಅಂತ ಹಟ ಹಿಡಿದ್ರೆ ವಿನಯದಿಂದ ತೋರಿಸೋಕೆ ಒಳ್ಳೇ ಕಾಗದ.

ಮೂರನೇದು, ಕೆಲಸದ ಗುರುತು. ಇದರಲ್ಲಿ ಕರೆಂಟ್ ಬಿಲ್ಲೇ ರಾಜ. ಡಿಸೆಂಬರ್‌ನಲ್ಲಿ ಯೂನಿಟ್ ಏರಿದೆ, ಫೆಬ್ರವರಿ ಮಾರ್ಚ್‌ನಲ್ಲಿ ಬಿದ್ದಿದೆ, ಮೇನಲ್ಲಿ ಮತ್ತೆ ಏರಿದೆ. ಅದೇ ಡಿಸೆಂಬರ್‌ನಲ್ಲಿ ಮಾರಾಟ, ಅದೇ ಜನವರಿ-ಮಾರ್ಚ್‌ನಲ್ಲಿ ಸೊನ್ನೆ ರಿಟರ್ನ್. ಮೋಟಾರ್ ರೀವೈಂಡಿಂಗ್ ಬಿಲ್ ಫೆಬ್ರವರಿ ತಾರೀಖಿಂದು. ಮೂರು ಕಾಗದ ಒಂದೇ ಕಥೆ ಹೇಳ್ತವೆ. ಸೊನ್ನೆ-ಸೊನ್ನೆ ಹಾಕೋ ಸಲಹೆ ಕೇಳಿದ್ದಿದ್ರೆ ಈ ಸಾಕ್ಷಿಯೇ ಇವನ ಮೇಲೆ ತಿರುಗಿ ಬೀಳ್ತಿತ್ತು: ಡಿಸೆಂಬರ್‌ನಲ್ಲಿ ಕರೆಂಟ್ ಉರಿದಿದೆ, ಎಣ್ಣೆ ಎಲ್ಲೋಯ್ತು ಅಂತ. ಜೊತೆಗೆ ಅದೇ ವಿಳಾಸದ ಎಫ್‌ಎಸ್‌ಎಸ್‌ಎಐ ಸರ್ಟಿಫಿಕೇಟ್, ಬಾಟಲಿ ತಂದ ಒಂದೆರಡು ಬಿಲ್ ಇಟ್ವಿ. ಇಷ್ಟು ಸಾಕು. ಇದ್ದಬದ್ದ ಕಾಗದ ಎಲ್ಲ ತುರುಕಿದ್ರೆ ಓದೋರು ಯಾವುದನ್ನೂ ಓದಲ್ಲ.

ಪತ್ರದ ಮುಖ್ಯ ಭಾಗ ಹೀಗಿತ್ತು, ಬೇಕಾದವರು ತಮ್ಮ ವಿವರ ಹಾಕಿ ಬಳಸಿ:

"ಬಾಕಿ ಇದ್ದ ಎರಡೂ ಅವಧಿಯ ರಿಟರ್ನ್‌ಗಳನ್ನು 16-06-2025ರಂದು ಸಲ್ಲಿಸಿ, ಪೋರ್ಟಲ್ ತೋರಿಸಿದ ತೆರಿಗೆ, ಬಡ್ಡಿ, ತಡ ಶುಲ್ಕ ಪಾವತಿಸಿದ್ದೇನೆ. ನನ್ನ ವ್ಯವಹಾರದ ಸ್ಥಳ ಬದಲಾಗಿಲ್ಲ. ಅದು ಮರದ ಗಾಣ, ಕೆಲಸ ಋತುಮಾನಕ್ಕೆ ತಕ್ಕಂತೆ ನಡೆಯುತ್ತದೆ. ಫೆಬ್ರವರಿಯಲ್ಲಿ ಮೋಟಾರ್ ದುರಸ್ತಿಗೆ ಹೋಗಿದ್ದರಿಂದ ಶೆಡ್ ಮುಚ್ಚಿತ್ತು, ದುರಸ್ತಿ ಬಿಲ್ ಮತ್ತು ವಿದ್ಯುತ್ ಬಿಲ್‌ಗಳನ್ನು ಲಗತ್ತಿಸಿದೆ. ಸ್ಥಳ ಪರಿಶೀಲನೆಯ ವರದಿಯ ಪ್ರತಿಯನ್ನು ದಯವಿಟ್ಟು ಒದಗಿಸಬೇಕು. ಮರುಪರಿಶೀಲನೆಗೆ ಯಾವ ದಿನ ಬಂದರೂ ಹಾಜರಿರುತ್ತೇನೆ, ನನ್ನ ಸ್ವಂತ ಮೊಬೈಲ್ ಸಂಖ್ಯೆ ಕೆಳಗಿದೆ."

ವರದಿಯ ಪ್ರತಿ ಕೇಳೋದನ್ನ ಬಿಡಬೇಡಿ. ಸ್ಥಳ ಪರಿಶೀಲನೆ ಆದ್ರೆ ಫೋಟೋ ಸಮೇತ ವರದಿಯನ್ನ ರೆಗ್-30 ನಮೂನೆಯಲ್ಲಿ, 15 ಕೆಲಸದ ದಿನದೊಳಗೆ ಪೋರ್ಟಲ್‌ಗೆ ಏರಿಸಬೇಕು. ಬೇರೆ ಯಾರದೋ ಶೆಡ್ಡಿನ ಫೋಟೋ ಇದ್ರೆ ಅಲ್ಲೇ ಗೊತ್ತಾಗುತ್ತೆ. ನೋಟಿಸ್‌ನಲ್ಲಿ ಹಾಜರಾಗೋಕೆ ದಿನ, ಸಮಯ ಕೂಡ ಇರುತ್ತೆ. ಆನ್‌ಲೈನ್ ಉತ್ತರ ಕೊಟ್ಟಾಯ್ತಲ್ಲ ಅಂತ ಮನೇಲಿ ಕೂರಬೇಡಿ, ಅದೇ ಕಾಗದಗಳ ಒಂದು ಸೆಟ್ ಹಿಡ್ಕೊಂಡು ಹೋಗಿ. ನಿಮ್ಮ ನಂಬರ್ ರಾಜ್ಯದ ಕಚೇರಿ ಕೆಳಗಿದೆಯೋ ಕೇಂದ್ರದ ಕಚೇರಿ ಕೆಳಗಿದೆಯೋ ಅನ್ನೋದನ್ನ ಮೊದಲು ನೋಡ್ಕೊಳ್ಳಿ, ತಪ್ಪು ಕಚೇರಿ ಮುಂದೆ ದಿನ ಕಳೆದವರನ್ನ ಕಂಡಿದೀನಿ.

ಗಾಣದಣ್ಣ ಜೂನ್ 17ಕ್ಕೆ ಉತ್ತರ ಹಾಕಿದ, ಮಾರನೇ ದಿನ ಕಚೇರಿಗೂ ಹೋದ. ಅಧಿಕಾರಿ ಕರೆಂಟ್ ಬಿಲ್ಲನ್ನೇ ಜಾಸ್ತಿ ಹೊತ್ತು ನೋಡಿದ್ರಂತೆ. "ಮತ್ತೊಮ್ಮೆ ಕಳಿಸ್ತೀನಿ, ಫೋನ್ ಎತ್ತಿ" ಅಂದ್ರು. ಜೂನ್ 26ಕ್ಕೆ ಬಂದವರು ಹೊರಡೋ ಮೊದಲು ಫೋನ್ ಮಾಡಿದ್ರು. ಗಾಣ ತಿರುಗ್ತಿತ್ತು, ಬೋರ್ಡಿನ ಮುಂದೆ ಅವನನ್ನೇ ನಿಲ್ಲಿಸಿ ಫೋಟೋ ತೆಗೆದ್ರು. ಜುಲೈ 1ಕ್ಕೆ ರೆಗ್-20 ಬಂತು, ಅಂದ್ರೆ ರದ್ದು ಪ್ರಕ್ರಿಯೆ ಕೈಬಿಟ್ಟ ಆದೇಶ. ಸ್ಟೇಟಸ್ ಮತ್ತೆ ಆ್ಯಕ್ಟಿವ್. ಉತ್ತರ ತಲುಪಿದ ಮೇಲೆ ಅಧಿಕಾರಿಗೆ 30 ದಿನ ಸಮಯ ಇರುತ್ತೆ, ಇವನಿಗೆ ಎರಡು ವಾರದಲ್ಲೇ ಆಯ್ತು. ಪ್ರಕ್ರಿಯೆ ಮುಗಿದಾಗ ಸಸ್ಪೆನ್ಶನ್ ಶುರುವಾದ ದಿನದಿಂದಲೇ ತೆರವಾದಂತೆ ಲೆಕ್ಕ, ಮಧ್ಯೆ ಖಾಲಿ ಜಾಗ ಉಳಿಯಲ್ಲ.

ಹೀಗಾಗದೆ ರದ್ದತಿ ಆದೇಶವೇ ಬಂದ್ರೆ, ಅದರ ನಮೂನೆ ರೆಗ್-19. ಆಗ ದಾರಿ ಬೇರೆ. ಆದೇಶ ತಲುಪಿದ 90 ದಿನದೊಳಗೆ ರೆಗ್-21ರಲ್ಲಿ ರದ್ದತಿ ವಾಪಸ್ ಪಡೆಯೋಕೆ ಅರ್ಜಿ ಹಾಕಬೇಕು. ಅದಕ್ಕೂ ಎಲ್ಲ ರಿಟರ್ನ್ ಮುಗಿಸಿರಬೇಕು, ವಿಳಾಸದ ಪ್ರಶ್ನೆ ಅಲ್ಲೂ ಬಿಡಲ್ಲ. ಸಸ್ಪೆಂಡ್ ಹಂತದಲ್ಲೇ ಉತ್ತರಿಸೋದು ಎಷ್ಟೋ ಹಗುರ.

ನನ್ನ ಎರಡನೇ ತಕರಾರು ಈ ಏಳು ದಿನದ್ದು. ಪಂಚಾಯ್ತಿಯಿಂದ ಒಂದು ರಸೀದಿ ತೆಗೆಸೋಕೆ ಕಾರ್ಯದರ್ಶಿ ಸಿಗಬೇಕು, ಸರ್ವರ್ ಇರಬೇಕು, ಕರೆಂಟ್ ಇರಬೇಕು. ರಿಟರ್ನ್ ಹಾಕೋಕೆ ಏಳು ದಿನ ಸಾಕು ಅನ್ನಿ, ವಿಳಾಸದ ಸಾಕ್ಷಿ ಕೂಡಿಸೋಕೆ ಸಾಲದು. ಕಂಪ್ಯೂಟರ್ ಕಳಿಸೋ ನೋಟಿಸ್‌ಗೆ 30 ದಿನ ಕೊಡೋರು, ಮನುಷ್ಯ ಕಳಿಸೋದಕ್ಕೆ ಏಳು ದಿನ ಕೊಡೋದರಲ್ಲಿ ಏನು ತರ್ಕ ಅಂತ ನನಗೆ ಅರ್ಥ ಆಗಿಲ್ಲ. ಜೊತೆಗೆ ನೋಟಿಸ್ ಕನ್ನಡದಲ್ಲಿ ಬರಲಿ, ಎಂದು ಬಂದಿದ್ದೆವು, ಏನು ಕಂಡೆವು ಅನ್ನೋ ಎರಡು ಸಾಲು ಅದರಲ್ಲೇ ಇರಲಿ, ಬೀಗದ ಫೋಟೋ ಲಗತ್ತಿಸಲಿ. ಯಾವ ಆರೋಪಕ್ಕೆ ಉತ್ತರ ಕೊಡ್ತಿದೀವಿ ಅನ್ನೋದೇ ಗೊತ್ತಿಲ್ಲದೆ ಉತ್ತರ ಬರೆಯೋ ಸ್ಥಿತಿ ಯಾರಿಗೂ ಬರಬಾರದು.

ಅವನಿಗೆ ಇನ್ನೂ ಮೂರು ಕೆಲಸ ಉಳಿದಿದಾವೆ. ಏಪ್ರಿಲ್-ಜೂನ್ ರಿಟರ್ನ್‌ಗೆ ಜುಲೈ 22 ಕೊನೆ, ಆ 500 ರೂಪಾಯಿ ಅಲ್ಲಿ ಬರುತ್ತೆ. ಪೋರ್ಟಲ್‌ನಲ್ಲಿ ಮೊಬೈಲು, ಇಮೇಲು ತನ್ನದೇ ಹಾಕಿಸ್ಬೇಕು. ಇನ್ನೊಂದು, ವಿಳಾಸದ ತಿದ್ದುಪಡಿ: ಸರ್ವೆ ನಂಬರ್, ರಸ್ತೆ ಹೆಸರು ಸೇರಿಸೋ ಅರ್ಜಿ. ಮುಖ್ಯ ಸ್ಥಳದ ವಿಳಾಸಕ್ಕೆ ಅಧಿಕಾರಿ ಒಪ್ಪಿಗೆ ಬೇಕು, ಹಾಕಿದ ತಕ್ಷಣ ಬದಲಾಗಲ್ಲ. ಪೋರ್ಟಲ್‌ನಲ್ಲಿ ನಕ್ಷೆ ಮೇಲೆ ಗುರುತು ಹಾಕೋ ಅವಕಾಶನೂ ಇದೆ, ಆದ್ರೆ ಅದು ಒಂದೇ ಸಲ, ತಪ್ಪು ಜಾಗಕ್ಕೆ ಚುಕ್ಕಿ ಬಿದ್ರೆ ತಾನೇ ತಿದ್ದೋಕೆ ಆಗಲ್ಲ. ಅದಕ್ಕೇ ಅವನಿಗೆ ಹೇಳಿದೀನಿ, ಪಟ್ಟಣದ ಆಫೀಸಲ್ಲಿ ಕೂತು ಆ ಚುಕ್ಕಿ ಇಡಿಸ್ಬೇಡ, ಶೆಡ್ ಮುಂದೆ ನಿಂತು ಮಗಳ ಫೋನಲ್ಲಿ ಇಡಿಸು ಅಂತ. ಎಣ್ಣೆ ಮೊನ್ನೆ ಗುರುವಾರ ಹಿಂದೂಪುರಕ್ಕೆ ಹೋಯ್ತು, ಇ-ವೇ ಬಿಲ್ ಸಮೇತ. ಅಂಗಡಿಯವರು ಲೀಟರಿಗೆ ಹತ್ತು ರೂಪಾಯಿ ಕಡಿಮೆ ಕೇಳಿದ್ರಂತೆ, ತಡ ಆಯ್ತು ಅಂತ.